ಚಪ್ಪಾಳೆಯ ನಡುವಿನ ಕಿರೀಟ

ಕಳೆದ ವರ್ಷ ನಮ್ಮ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಗುಟ್ಟಿನ ಭಾಷೆ ಹುಟ್ಟಿತು. ಅದರಲ್ಲಿ ಅಕ್ಷರಗಳಿರಲಿಲ್ಲ, ಬರೀ ಎಮೋಜಿಗಳು. ಅದನ್ನು ಹುಟ್ಟಿಸಿದ ನಾಲ್ವರಲ್ಲಿ ನಾನೂ ಒಬ್ಬಳು. ಈ ಭಾಷೆಯ ಒಂದು ಅರ್ಧ ತುಂಬ ಒಳ್ಳೆಯದು, ಇನ್ನೊಂದು ಅರ್ಧವನ್ನು ನಾವು ಬಿಡಬೇಕು ಎಂಬುದು ಈಗ ನನ್ನ ಅಭಿಪ್ರಾಯ. ಯಾವುದು ಯಾವ ಅರ್ಧ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಶುರುವಾಗಿದ್ದು ಊರಿನ ಹೆಸರುಗಳಿಂದ. ನಾವು ನಾಲ್ವರು ನಾಲ್ಕು ಊರಿನವರು. ಕಾಲೇಜಿನೊಳಗೆ ಮೊಬೈಲ್ ತರುವಂತಿಲ್ಲವಾದ್ದರಿಂದ ನಮ್ಮ ಹರಟೆಯೆಲ್ಲ ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಮತ್ತು ಸಂಜೆ ಮನೆ ಸೇರಿದ ಮೇಲೆ. ಒಂದು ದಿನ ನಾನು ನನ್ನ ಹೆಸರಿನ ಬದಲು 🤔💎 ಎಂದು ಹಾಕಿದೆ. ಚಿಂತೆ, ಮಣಿ: ಚಿಂತಾಮಣಿ. ಐದೇ ನಿಮಿಷದಲ್ಲಿ ಶಿಡ್ಲಘಟ್ಟದವಳು ⚡⛰️ ಎಂದು ಬರೆದಳು, ಸಿಡಿಲು ಮತ್ತು ಘಟ್ಟ. ಗೌರಿಬಿದನೂರಿನವಳಿಗೆ ಕಷ್ಟವಾಯಿತು. ಆನೆಮೊಗದ ಗಣಪನ ತಾಯಿ ಗೌರಿ, ಆಮೇಲೆ ಬಿದಿರು, ಆಮೇಲೆ ಊರು ಎಂದು 🐘👩🎋🏘️ ಮಾಡಿಕೊಂಡಳು. ಚಿಕ್ಕಬಳ್ಳಾಪುರದವಳು 🤏🥣🏘️ ಆದಳು. ಬಳ್ಳ ಎಂದರೆ ಧಾನ್ಯ ಅಳೆಯುವ ಹಳೆಯ ಅಳತೆ ಎಂದು ಅವಳ ದಾದಿ ಹೇಳಿದ್ದರಂತೆ. ಊರುಗಳಿಗೆ ಆ ಹೆಸರು ನಿಜವಾಗಿ ಹಾಗೆ ಬಂತೇ ಎಂದು ಇತಿಹಾಸದ ಸರ್ ಕೇಳಬಾರದು. ನಮಗೆ ಬೇಕಾಗಿದ್ದು ಸದ್ದು ಮಾತ್ರ.

ಇದರಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. 🚌❌ ಎಂದರೆ ಬಸ್ಸು ತಪ್ಪಿತು ಎಂದು ಯಾವ ದೇಶದವರಾದರೂ ಊಹಿಸಬಹುದು, ಏಕೆಂದರೆ ಅಲ್ಲಿ ಚಿತ್ರಕ್ಕೆ ಚಿತ್ರದ್ದೇ ಅರ್ಥ. ಆದರೆ ⚡⛰️ ಅನ್ನು ಜಪಾನಿನವರು ನೋಡಿದರೆ ಬೆಟ್ಟದ ಮೇಲೆ ಮಳೆ ಬರುತ್ತಿದೆ ಎಂದುಕೊಳ್ಳುತ್ತಾರೆ. ಅದು ಶಿಡ್ಲಘಟ್ಟ ಆಗುವುದು ಕನ್ನಡದ ಕಿವಿಗೆ ಮಾತ್ರ. ಹಾಗಾಗಿ ಎಮೋಜಿಯ ಸಾಲನ್ನು ಎರಡು ರೀತಿ ಓದಬೇಕಾಗುತ್ತದೆ, ಕಣ್ಣಿನಿಂದ ಒಮ್ಮೆ ಮತ್ತು ಕಿವಿಯಿಂದ ಒಮ್ಮೆ. ಒಂದೇ ಸಾಲಿನಲ್ಲಿ ಎರಡೂ ಬೆರೆತಾಗ ಅದು ಒಗಟಾಗುತ್ತದೆ.

ಈ ಬೆರಕೆಯಲ್ಲಿ ನಮ್ಮೆಲ್ಲರನ್ನೂ ಸೋಲಿಸಿದವಳು ಶಿಡ್ಲಘಟ್ಟದ ಗೆಳತಿ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಒಂದು ಸೋಮವಾರ ಅವಳು ಕಾಲೇಜಿಗೆ ಬರಲಿಲ್ಲ. ಸಂಜೆ ಬಂದ ಸಂದೇಶ ಇಷ್ಟೇ:

🐛🤒4️⃣✅🌿🌿🌿🏠

ನಮಗೆ ಕಂಡಿದ್ದು ಜ್ವರ. ಮನೆಯಲ್ಲಿ ನಾಲ್ಕು ಜನಕ್ಕೆ ಜ್ವರ ಬಂದಿದೆ, ಏನೋ ಹುಳುವಿನಿಂದ ಬಂದಿದೆ, ಸೊಪ್ಪಿನ ಔಷಧಿ ಕುಡಿಯುತ್ತಿದ್ದಾರೆ, ಮನೆಯಲ್ಲೇ ಇದ್ದಾರೆ ಎಂದು ಓದಿಕೊಂಡೆವು. ಮೂವರೂ 🤲 ಕಳಿಸಿದೆವು. ನಮ್ಮ ಅಮ್ಮಿ ಕೂಡ ದುವಾ ಮಾಡಿದರು. ಮರುದಿನ ಅವಳು ಫೋನ್ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹುಳು ಸಾಕುವ ಮನೆಗಳಲ್ಲಿ ಜ್ವರ ಎಂದರೆ ಕಾಯಿಲೆ ಅಲ್ಲ. ಹುಳು ಬೆಳೆಯುತ್ತ ನಾಲ್ಕು ಸಲ ಹಳೆಯ ಚರ್ಮ ಬಿಡುತ್ತದೆ. ಬಿಡುವ ಮುಂಚೆ ಸುಮಾರು ಒಂದು ದಿನ ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಹುಳು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಎಂದು ಲೆಕ್ಕ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹುಳು ತಿನ್ನುವ ಸೊಪ್ಪೇ ಅದು ಇಡೀ ಜೀವನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲು. ಆ ವಾರ ಮನೆಯವರಿಗೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು ಬಿಟ್ಟರೆ ಬೇರೆ ಕೆಲಸ ಇರುವುದಿಲ್ಲ. ಅವಳ ಸಾಲಿನ ಅರ್ಥ ಇದು: ಹುಳುವಿಗೆ ನಾಲ್ಕನೇ ಜ್ವರ ಮುಗಿಯಿತು, ಈಗ ಸೊಪ್ಪಿನ ಮೇಲೆ ಸೊಪ್ಪು ಬೇಕು, ನಾನು ಮನೆಯಲ್ಲಿ ಇದ್ದೇನೆ.

ವಾರ ಕಳೆದು ಇನ್ನೊಂದು ಬಂತು: 🐛🍎🌙. ಸೇಬಿನಲ್ಲಿ ಹುಳು, ರಾತ್ರಿ ಕಂಡಿತು ಎಂದು ನಾನು ಓದಿದೆ. ಈ ಸಲವೂ ತಪ್ಪು. ಮೇಯುವುದನ್ನು ಮುಗಿಸಿ ನೂಲು ಬಿಡಲು ಸಿದ್ಧವಾದ ಹುಳುವನ್ನು ಹಣ್ಣಾದ ಹುಳು ಎನ್ನುತ್ತಾರೆ. ಅದು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆಯ ಹೆಸರು ಚಂದ್ರಿಕೆ. ಹಣ್ಣು 🍎 ಆಯಿತು, ಚಂದ್ರಿಕೆ 🌙 ಆಯಿತು. ಗೂಡಿಗೆ ಮಾತ್ರ ಎಮೋಜಿ ಇಲ್ಲ. ಅವಳು 🥚 ಹಾಕಿದಾಗ ಅವಳ ಅಣ್ಣನೇ ಬೈದನಂತೆ, ಏಕೆಂದರೆ ಅವರ ಮನೆಯಲ್ಲಿ ಮೊಟ್ಟೆ ಎಂದರೆ ಮುಂದಿನ ಬೆಳೆ. ಗೂಡು ಮಾರುಕಟ್ಟೆಗೆ ಹೋಗುವ ಹೊತ್ತಿನಲ್ಲಿ ಮೊಟ್ಟೆ ತಂದೆವು ಎಂದರೆ ಕಥೆ ಒಂದು ತಿಂಗಳು ಹಿಂದಕ್ಕೆ ಹೋಗುತ್ತದೆ. ಕೊನೆಗೆ ಗೂಡಿಗೆ ⚪ ಎಂದು ಒಪ್ಪಂದವಾಯಿತು.

ನಾನು ಒಳ್ಳೆಯ ಅರ್ಧ ಎಂದಿದ್ದು ಇದನ್ನು. ಮೂರು ಚಿತ್ರಗಳಲ್ಲಿ ಅವಳ ಮನೆಯ ಒಂದು ವಾರ ಇತ್ತು. ಅದನ್ನು ಬಿಡಿಸಲು ಹೋಗಿ ಚಿಂತಾಮಣಿಯ ನನಗೆ ಜ್ವರ, ಹಣ್ಣು, ಚಂದ್ರಿಕೆ ಎಂಬ ಮಾತುಗಳ ಇನ್ನೊಂದು ಅರ್ಥ ಸಿಕ್ಕಿತು. ಕೀಲಿ ಕೇಳಿದರೆ ಅವಳು ಕೊಡುತ್ತಿದ್ದಳು. ಅಷ್ಟೇ ಅಲ್ಲ, ಯಾವಾಗ ಕೇಳುತ್ತೇವೋ ಎಂದು ಕಾಯುತ್ತಿದ್ದಳು.

ಕೀಲಿ ಇದ್ದರೂ ಎಡವುವ ಜಾಗ ಒಂದಿದೆ, ಅದು ವ್ಯಾಕರಣ. ಕನ್ನಡ ಮೇಡಂ ವಿಭಕ್ತಿ ಪ್ರತ್ಯಯ ಪಾಠ ಮಾಡುವಾಗ ನಿದ್ದೆ ಬರುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಎಮೋಜಿ ಬರೆದ ಮೇಲೆ ಅದರ ಬೆಲೆ ತಿಳಿಯಿತು. 'ಹುಡುಗನನ್ನು ನಾಯಿ ಅಟ್ಟಿಸಿತು' ಎಂಬುದನ್ನು 'ನಾಯಿ ಹುಡುಗನನ್ನು ಅಟ್ಟಿಸಿತು' ಎಂದು ತಿರುಗಿಸಿದರೂ ಅರ್ಥ ಕೆಡುವುದಿಲ್ಲ, ಏಕೆಂದರೆ 'ಅನ್ನು' ಎಂಬುದು ಯಾರಿಗೆ ಏನಾಯಿತು ಎಂದು ಹಿಡಿದುಕೊಂಡಿದೆ. 🧒🐕🏃 ಎಂಬುದರಲ್ಲಿ ಯಾರು ಯಾರನ್ನು ಅಟ್ಟಿಸಿದರು? ಎಮೋಜಿಗೆ ಪ್ರತ್ಯಯ ಇಲ್ಲ. ಇರುವುದು ಕ್ರಮ ಒಂದೇ.

ಆ ಕ್ರಮವೂ ನಮ್ಮಂಥವರಿಗೆ ಕೈಕೊಡುತ್ತದೆ. ನಮ್ಮಲ್ಲಿ ಅನೇಕರು ಕನ್ನಡವನ್ನು ಎಡದಿಂದ, ಉರ್ದುವನ್ನು ಬಲದಿಂದ ಓದುವವರು. ಹೆಚ್ಚಿನ ಫೋನುಗಳಲ್ಲಿ 🏃 ಎಡಕ್ಕೆ ಮುಖ ಮಾಡಿ ಓಡುತ್ತದೆ. ಕನ್ನಡದ ಸಂದೇಶದಲ್ಲಿ 🏠🏃 ಎಂದರೆ ಮನೆ ಎಡಕ್ಕೆ, ಓಡುವವಳು ಅದರ ಕಡೆಗೆ: ಮನೆಗೆ ಓಡಿದೆ. ಒಮ್ಮೆ ನಾನು ಖಾಲಾಗೆ ಉರ್ದು ಲಿಪಿಯಲ್ಲಿ 'ಆಜ್' ಎಂದು ಬರೆದು, ಪಕ್ಕದಲ್ಲಿ ಅದೇ ಕ್ರಮದಲ್ಲಿ ಮನೆ ಮತ್ತು ಓಟ ಒತ್ತಿದೆ. ಸಂದೇಶ ಉರ್ದು ಅಕ್ಷರದಿಂದ ಶುರುವಾದರೆ ಫೋನು ಇಡೀ ಸಾಲನ್ನು ಬಲದಿಂದ ಎಡಕ್ಕೆ ಜೋಡಿಸುತ್ತದೆ, ಎಮೋಜಿಗಳನ್ನೂ ಸೇರಿಸಿ. ಆದರೆ ಓಡುವವಳ ಮುಖವನ್ನು ತಿರುಗಿಸುವುದಿಲ್ಲ. ಮನೆ ಬಲಕ್ಕೆ ಹೋಯಿತು, ಓಡುವವಳು ಅದರ ಎಡಕ್ಕೆ ಬಂದು ಮನೆಗೆ ಬೆನ್ನು ಹಾಕಿದಳು. 'ಮನೆ ಬಿಟ್ಟು ಎಲ್ಲಿಗೆ ಹೊರಟೆಯೇ?' ಎಂದು ಖಾಲಾ ಗಾಬರಿಯಿಂದ ಫೋನ್ ಮಾಡಿದರು.

2023ರಲ್ಲಿ ಯೂನಿಕೋಡ್ 15.1 ಬಂದಾಗ ಬಲಕ್ಕೆ ಓಡುವ ಆಕೃತಿಯನ್ನೂ ಸೇರಿಸಿದರು. ಅದು ಹೊಸ ಚಿತ್ರವಲ್ಲ, ಹಳೆಯ ಓಟಗಾರನಿಗೆ ಬಲಬಾಣವನ್ನು ಕಾಣದ ಒಂದು ಅಕ್ಷರದಿಂದ ಅಂಟಿಸಿದ ಜೋಡಿ. ಆ ಕಾಣದ ಅಂಟು ಕನ್ನಡ ಟೈಪ್ ಮಾಡುವವರಿಗೆ ಹೊಸದಲ್ಲ. 'ರ‍್ಯಾಂಕ್' ಎಂದು ರ ಕೆಳಗೆ ಯ ಒತ್ತು ಬರಬೇಕಾದರೆ ನಡುವೆ ಸೇರಿಸುವುದು ಅದನ್ನೇ. ಸೇರಿಸದಿದ್ದರೆ ಅರ್ಕಾವತ್ತು ಬಂದು 'ರ್ಯಾಂಕ್' ಆಗುತ್ತದೆ. ಹಳೆಯ ಫೋನಿನಲ್ಲಿ ಅಂಟು ಬಿಟ್ಟುಹೋಗಿ ಓಟಗಾರ ಎಡಕ್ಕೂ ಬಾಣ ಬಲಕ್ಕೂ ಆಗಿ ಬೇರೆ ಬೇರೆ ಕಾಣುತ್ತಾರೆ. ನಮ್ಮ ಅಬ್ಬಾ ಫೋನಿನಲ್ಲಿ ಈಗಲೂ ಹಾಗೆಯೇ.

ಇವೆಲ್ಲ ನಗುವ ತಪ್ಪುಗಳು. ಕೇಳಿದರೆ ಸರಿಹೋಗುತ್ತವೆ. ಇನ್ನೊಂದು ಅರ್ಧದ ವಿಷಯ ಹಾಗಲ್ಲ.

ಕನ್ನಡದಲ್ಲಿ ವ್ಯಂಗ್ಯ ಇರುವುದು ದನಿಯಲ್ಲಿ. 'ಭಾರಿ ಚೆನ್ನಾಗಿ ಓದಿದೆ ಬಿಡಮ್ಮ' ಎಂಬ ಮಾತನ್ನು ಎಳೆದು ಹೇಳಿದರೆ ಬೈಗುಳ, ನೇರವಾಗಿ ಹೇಳಿದರೆ ಹೊಗಳಿಕೆ. ಫೋನಿನಲ್ಲಿ ದನಿ ಇಲ್ಲವಾದ್ದರಿಂದ ಜನ ಆ ಎಳೆತವನ್ನು ಎಮೋಜಿಯಲ್ಲಿ ಇಡುತ್ತಾರೆ. ಒಳ್ಳೆಯ ಮಾತಿನ ಪಕ್ಕ ತಲೆಕೆಳಗಾದ 🙃 ಬಂದರೆ ಮಾತನ್ನೂ ತಲೆಕೆಳಗು ಮಾಡಿ ಓದಿ ಎಂದು ಅರ್ಥ. ಇದು ಎಲ್ಲರಿಗೂ ಕಾಣುವ ವ್ಯಂಗ್ಯ, ಹೇಳಿಸಿಕೊಂಡವರು ತಿರುಗಿ ಉತ್ತರ ಕೊಡಬಹುದು. ನಾವು ಮಾಡಿದ್ದು ಕಾಣದ ವ್ಯಂಗ್ಯ.

ನಮ್ಮ ತರಗತಿಯಲ್ಲಿ ಒಬ್ಬಳು ಹತ್ತನೇ ತರಗತಿವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಬಂದವಳು. ಕನ್ನಡವನ್ನು ನಿಧಾನವಾಗಿ, ಅಕ್ಷರ ಅಕ್ಷರ ಹಿಡಿದು ಓದುತ್ತಿದ್ದಳು. ಆದರೂ ಮೇಡಂ ಕೇಳಿದಾಗಲೆಲ್ಲ ಮೊದಲು ಎದ್ದು ನಿಲ್ಲುತ್ತಿದ್ದಳು. ಒಂದು ಪುಟಕ್ಕೆ ಹತ್ತು ನಿಮಿಷ. ನಮಗೆ ಬೇಸರ. ಅವಳು ಓದಿದ ದಿನ ಸಂಜೆ ಗುಂಪಿನಲ್ಲಿ ನಾನು 👏👑👏 ಹಾಕಿದೆ. ನಮ್ಮ ನಾಲ್ವರ ಒಪ್ಪಂದ ಹೀಗಿತ್ತು: ಬರೀ 👏👏👏 ಬಂದರೆ ನಿಜವಾದ ಮೆಚ್ಚುಗೆ, ನಡುವೆ ಕಿರೀಟ ಬಂದರೆ ಅದರ ಉಲ್ಟಾ. ಹೊರಗಿನವರಿಗೆ ಕಿರೀಟ ಇದ್ದದ್ದೇ ಹೆಚ್ಚಿನ ಗೌರವದಂತೆ ಕಾಣಬೇಕು, ಅದೇ ಅದರ ಜಾಣತನ ಎಂದು ನಾವು ಹೆಮ್ಮೆಪಟ್ಟೆವು. ಉಳಿದ ಮೂವರೂ ಅದನ್ನೇ ಹಾಕಿದರು. ಅವಳು 'ಶುಕ್ರಿಯಾ 😊' ಎಂದು ಬರೆದಳು.

ಇದು ಮೂರು ವಾರ ನಡೆಯಿತು. ಪ್ರತಿ ಸಲ ಅವಳ ಶುಕ್ರಿಯಾ, ಪ್ರತಿ ಸಲ ನಮ್ಮ ನಾಲ್ವರ ಬೇರೆ ಗುಂಪಿನಲ್ಲಿ 😂. ಆಮೇಲೆ ಒಂದು ದಿನ ಇನ್ನೊಬ್ಬ ಹುಡುಗಿಗೆ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬಂತು. ಎಲ್ಲರಿಗಿಂತ ಮೊದಲು ಅಭಿನಂದಿಸಿದವಳು ಇವಳು. ಅವಳು ಹಾಕಿದ್ದು 👏👑👏. ತನಗೆ ಸಿಕ್ಕಿದ್ದ ಅತಿ ದೊಡ್ಡ ಮೆಚ್ಚುಗೆಯನ್ನು ಇನ್ನೊಬ್ಬರಿಗೆ ಕೊಟ್ಟಿದ್ದಳು. ನಮ್ಮಲ್ಲಿ ಒಬ್ಬಳು ತಡೆಯಲಾರದೆ ದೊಡ್ಡ ಗುಂಪಿನಲ್ಲೇ 😂 ಹಾಕಿದಳು. ಬಹುಮಾನ ಬಂದವಳು ಏಕೆ ನಗು ಎಂದು ಕೇಳಿದಳು. ಅಲ್ಲಿಂದ ಗುಟ್ಟು ಹೊರಬಿತ್ತು.

ಮರುದಿನ ಮೇಡಂ ಯಾರು ಓದುತ್ತೀರಿ ಎಂದಾಗ ಅವಳು ಏಳಲಿಲ್ಲ. ಆ ವಾರ ಪೂರ್ತಿ ಏಳಲಿಲ್ಲ. ನಾನು ಲೈಬ್ರರಿಯ ಹತ್ತಿರ ಅವಳನ್ನು ಹಿಡಿದು, ಬರೀ ಎಮೋಜಿ ಅಲ್ವಾ, ತಮಾಷೆಗೆ ಹಾಕಿದ್ದು, ಮಾಫ್ ಮಾಡು ಎಂದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. 'ಮೊದಲ ದಿನ ಬೇರೆ ಕೆಲವರು 👏👏👏 ಹಾಕಿದ್ದರಲ್ಲ, ಅದು ನಿಜಾನಾ, ಅದೂ ನಿಮ್ಮದೇನಾ?' ಎಂದು ಕೇಳಿದಳು. ಅದು ನಿಜ ಎಂದು ಎಷ್ಟು ಸಲ ಹೇಳಿದರೂ ಅವಳು ನಂಬಿದಂತೆ ಕಾಣಲಿಲ್ಲ. ಏಕೆ ನಂಬಬೇಕು? ನಾವು ಹಾಳು ಮಾಡಿದ್ದು ಒಂದು ಕಿರೀಟವನ್ನಲ್ಲ, ಗುಂಪಿನಲ್ಲಿದ್ದ ಎಲ್ಲ ಚಪ್ಪಾಳೆಯನ್ನೂ.

'ಬರೀ ಎಮೋಜಿ ಅಲ್ವಾ' ಎಂಬ ನನ್ನ ಮಾತಿನ ಬಗ್ಗೆ ಆಮೇಲೆ ತುಂಬ ಯೋಚಿಸಿದೆ. ಎಮೋಜಿಯ ಅರ್ಥ ಹಾಕಿದವರ ಮನಸ್ಸಿನಲ್ಲಿ ಮಾತ್ರ ಇರುತ್ತದೆ ಎಂದು ನ್ಯಾಯಾಲಯಗಳೂ ಒಪ್ಪುವುದಿಲ್ಲ. 2021ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಒಬ್ಬ ರೈತ, ಅಗಸೆ ಬೀಜ ಮಾರುವ ಕರಾರಿನ ಫೋಟೋ ಫೋನಿಗೆ ಬಂದಾಗ 👍 ಒತ್ತಿದ್ದ. ತಲುಪಿತು ಎಂದಷ್ಟೇ ಅರ್ಥ ಎಂದು ಅವನ ವಾದ. ಹಿಂದಿನ ವ್ಯವಹಾರಗಳಲ್ಲಿ ಅವನು ಹಾಗೆಯೇ ಚಿಕ್ಕ ಉತ್ತರ ಕೊಟ್ಟು ಮಾಲು ಕಳಿಸಿದ್ದನ್ನು ನೋಡಿ ನ್ಯಾಯಾಲಯ 2023ರಲ್ಲಿ ಅದನ್ನು ಸಹಿ ಎಂದೇ ತೆಗೆದುಕೊಂಡು, ಸುಮಾರು 82,000 ಕೆನಡಾ ಡಾಲರ್ ಕೊಡಲು ಹೇಳಿತು. ಮರುವರ್ಷ, 2024ರಲ್ಲಿ, ಮದ್ರಾಸ್ ಹೈಕೋರ್ಟ್ ಮುಂದೆ ರೈಲ್ವೆ ರಕ್ಷಣಾ ಪಡೆಯ ಒಬ್ಬ ಕಾನ್‌ಸ್ಟೆಬಲ್ ಪ್ರಕರಣ ಬಂತು. ಅಧಿಕಾರಿಯೊಬ್ಬರ ಕೊಲೆಯ ಸುದ್ದಿಗೆ ಗುಂಪಿನಲ್ಲಿ 👍 ಹಾಕಿದ್ದಕ್ಕೆ ಅವರನ್ನು ಕೆಲಸದಿಂದ ತೆಗೆದಿದ್ದರು. ಸಂದೇಶ ನೋಡಿದೆ ಎನ್ನಲು ಹಾಗೆ ಹಾಕಿರಬಹುದು ಎಂದು ಒಪ್ಪಿ, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ತೀರ್ಪನ್ನು ಹೈಕೋರ್ಟ್ ಎತ್ತಿಹಿಡಿಯಿತು. ಅದೇ ಹೆಬ್ಬೆರಳಿಗೆ ಎರಡು ಅರ್ಥ. ಎರಡು ಕಡೆಯೂ ನೋಡಿದ್ದು ಒಂದೇ: ಅದು ಯಾವ ಸಂದರ್ಭದಲ್ಲಿ, ಯಾರ ಮುಂದೆ ಬಿತ್ತು ಎಂದು. ನಮ್ಮ ಕಿರೀಟ ಬಿದ್ದದ್ದು ಅವಳ ಮುಂದೆ, ಅವಳ ಬಗ್ಗೆ.

ಗುಟ್ಟಿನ ಸಂಕೇತವೇ ತಪ್ಪು ಎಂದು ನಾನು ಹೇಳುವುದಿಲ್ಲ. ದನದ ಜಾತ್ರೆಗಳಲ್ಲಿ ಕೊಳ್ಳುವವರು ಮಾರುವವರು ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುವುದನ್ನು ನಮ್ಮ ಅಬ್ಬಾ ವರ್ಣಿಸುತ್ತಾರೆ. ಸುತ್ತ ನಿಂತ ಐವತ್ತು ಜನಕ್ಕೆ ತಿಳಿಯುವುದಿಲ್ಲ, ಆದರೆ ಯಾರ ಎತ್ತು, ಯಾರ ಹಣ ಎಂಬ ಇಬ್ಬರಿಗೂ ಬೆರಳಿನ ಅರ್ಥ ಗೊತ್ತು. ಒಗಟಿನಲ್ಲೂ ಹಾಗೆಯೇ, ಸೋತೆ ಎಂದರೆ ಉತ್ತರ ಹೇಳಲೇಬೇಕು. ನಮ್ಮ ಕಿರೀಟದಲ್ಲಿ ಮಾತ್ರ ವಿಷಯ ಯಾರದೋ ಅವಳೊಬ್ಬಳಿಗೆ ಕೀಲಿ ಇರಲಿಲ್ಲ. ಸೂರಃ ಹುಜುರಾತ್‌ನ 11ನೇ ಆಯತ್ ಒಬ್ಬರನ್ನೊಬ್ಬರು ಗೇಲಿ ಮಾಡುವುದನ್ನೂ ಅಡ್ಡಹೆಸರು ಇಡುವುದನ್ನೂ ತಡೆಯುತ್ತದೆ ಎಂದು ನಮಗೆಲ್ಲ ಚಿಕ್ಕಂದಿನಲ್ಲೇ ಕಲಿಸಿದ್ದಾರೆ. ಬಾಯಿ ತೆರೆಯದೆ ಗೇಲಿ ಮಾಡಿದರೆ ಅದು ಲೆಕ್ಕಕ್ಕಿಲ್ಲ ಎಂದು ನಾನು ಅಂದುಕೊಂಡಿದ್ದೆ ಅನ್ನಿಸುತ್ತದೆ.

ಇಂಥ ಸಂಕೇತ ನಿಮ್ಮ ಗುಂಪಿನಲ್ಲಿ ನಡೆಯುತ್ತಿದೆಯೇ ಎಂದು ತಿಳಿಯುವುದು ಕಷ್ಟವೇನಲ್ಲ. ಅದೇ ಸಾಲು, ಅದೇ ಮೂರು ನಾಲ್ಕು ಜನರಿಂದ, ಅದೇ ಒಬ್ಬರಿಗೆ ಮಾತ್ರ ಹೋಗುತ್ತಿರುತ್ತದೆ. ಮಾಡಿದ ಕೆಲಸ ಸಣ್ಣದು, ಹೊಗಳಿಕೆ ದೊಡ್ಡದು. ನಗುವಂಥದ್ದೇನೂ ಇಲ್ಲದ ಕಡೆ ಯಾರೋ ಒಬ್ಬರು ನಗುತ್ತಾರೆ. ಆಗ ಇದರ ಅರ್ಥ ಏನು ಎಂದು ಎಲ್ಲರ ಎದುರು ಕೇಳಿಬಿಡಿ. ಶಿಡ್ಲಘಟ್ಟದ ಗೆಳತಿಯಂಥವರಾದರೆ ಖುಷಿಯಿಂದ ಹೇಳುತ್ತಾರೆ. ನಮ್ಮಂಥವರಾದರೆ ಮಾತು ತಿರುಗಿಸುತ್ತಾರೆ.

ನಮ್ಮ ಗುಂಪಿನಲ್ಲಿ ಈಗ ಒಂದು ಪಟ್ಟಿ ಮೇಲ್ಗಡೆ ಪಿನ್ ಆಗಿದೆ. 🤔💎 ಇಂದ ಹಿಡಿದು 🐛🍎🌙 ವರೆಗೆ ಎಲ್ಲದರ ಅರ್ಥ ಅದರಲ್ಲಿ ಇದೆ. ಪಟ್ಟಿಯಲ್ಲಿ ಇಲ್ಲದ ಸಾಲು ಹಾಕಿದವರು ಕೇಳಿದ ಕೂಡಲೇ ಅರ್ಥ ಹೇಳಬೇಕು. ಕಿರೀಟ ಪಟ್ಟಿಯಲ್ಲಿ ಇಲ್ಲ, ಯಾರೂ ಹಾಕುವುದೂ ಇಲ್ಲ. ನಿಜವಾಗಿ ಮೆಚ್ಚಿದಾಗ ಈಗ ಅಕ್ಷರದಲ್ಲೇ ಬರೆಯುತ್ತೇವೆ.

ಅವಳು ಮತ್ತೆ ಎದ್ದು ಓದಲು ಶುರು ಮಾಡಿದ್ದು ದಸರಾ ರಜೆಯ ನಂತರ. ಮೇಡಂ ಆ ದಿನ ಗಾದೆಗಳ ಪಾಠ ಮಾಡಿದ್ದರು, ಅವಳು ಪೂರ್ತಿ ಪುಟ ಓದಿದಳು, ಈ ಸಲ ಎಂಟು ನಿಮಿಷ. ಸಂಜೆ ಗುಂಪಿನಲ್ಲಿ ಅವಳಿಂದಲೇ ಒಂದು ಸಾಲು ಬಂತು:

🐒🐒🐒🐒🤲💎

ಮಂಗನ ಕೈಯಲ್ಲಿ ಮಾಣಿಕ್ಯ. ಕೆಳಗೆ ಅವಳೇ ಅರ್ಥವನ್ನೂ ಕನ್ನಡದಲ್ಲಿ ಬರೆದಿದ್ದಳು, ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಮಂಗ ನಾಲ್ಕು ಏಕೆ ಎಂದು ಯಾರೋ ಕೇಳಿದರು. ಉತ್ತರ ಕೊಟ್ಟವಳು ನಾನು.